ಈಗ ನೀವು ಎಲ್ಲಿದ್ದೀರಿ: ಟೆಲಿ-ಮನೋವೈದ್ಯಕೀಯ ಸಮಾಲೋಚನೆಯ ಕಾರ್ಯವಿಧಾನವನ್ನು ತಿದ್ದಿ ಬರೆದ ಅನುಭವ

ನಮ್ಮ ಮನೋವೈದ್ಯಕೀಯ ವಿಭಾಗದಲ್ಲಿ ವಿಡಿಯೋ ಮೂಲಕ ರೋಗಿಗಳನ್ನು ನೋಡಲು ಆರಂಭಿಸಿದಾಗ ಅದಕ್ಕೊಂದು ಲಿಖಿತ ಕಾರ್ಯವಿಧಾನವನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಮತ್ತು ಅದೇ ವರ್ಷ ನಿಮ್ಹಾನ್ಸ್, ಭಾರತೀಯ ಮನೋವೈದ್ಯರ ಸಂಘ ಹಾಗೂ ಟೆಲಿಮೆಡಿಸಿನ್ ಸೊಸೈಟಿ ಸೇರಿ ರೂಪಿಸಿದ ಟೆಲಿ-ಮನೋವೈದ್ಯಕೀಯ ಮಾರ್ಗಸೂಚಿ, ಈ ಎರಡನ್ನೂ ಮುಂದಿಟ್ಟುಕೊಂಡು ನಾನು ಎರಡು ಪುಟಗಳ ಒಂದು ದಾಖಲೆ ಬರೆದೆ. ರೋಗಿಯ ಗುರುತು ಪರಿಶೀಲನೆಗೆ ಒಂದು ಭಾಗ, ತುರ್ತು ಪರಿಸ್ಥಿತಿಗೆ ಒಂದು ಭಾಗ, ಔಷಧ ಬರೆಯುವುದರ ಮಿತಿಗೆ ಒಂದು ಭಾಗ ಎಂದು ವಿಂಗಡಿಸಿದ್ದೆ. ಕಾನೂನಿನ ದೃಷ್ಟಿಯಿಂದ ಅದರಲ್ಲಿ ತಪ್ಪಿರಲಿಲ್ಲ. ಆದರೆ ಸುಮಾರು ಒಂದೂವರೆ ವರ್ಷದ ನಂತರ, ಒಂದೇ ಮಧ್ಯಾಹ್ನ ಒಬ್ಬನೇ ರೋಗಿಯ ವಿಷಯದಲ್ಲಿ, ಆ ಮೂರೂ ಭಾಗಗಳು ಒಂದಾದ ಮೇಲೊಂದರಂತೆ ಕೈಕೊಟ್ಟವು. ಅವು ಮೂರು ಬೇರೆ ಬೇರೆ ವಿಷಯಗಳೇ ಅಲ್ಲವೆಂಬುದು ನನಗೆ ಅಂದು ತಿಳಿಯಿತು. ಆ ಮಧ್ಯಾಹ್ನದ ಸಂಗತಿಯನ್ನೂ, ಅದರ ನಂತರ ನಾವು ಏನೇನನ್ನು ತಿದ್ದಿದೆವು ಎಂಬುದನ್ನೂ ಇಲ್ಲಿ ಬರೆಯುತ್ತಿದ್ದೇನೆ. ರೋಗಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ.

ಆತ ಮೂವತ್ತರ ಆಸುಪಾಸಿನ ಯುವಕ. ಖಿನ್ನತೆಗಾಗಿ ನಾಲ್ಕು ತಿಂಗಳ ಹಿಂದೆ ನಮ್ಮ ಹೊರರೋಗಿ ವಿಭಾಗಕ್ಕೆ ಅಣ್ಣನ ಜೊತೆ ಬಂದಿದ್ದ, ಚಿಕಿತ್ಸೆ ಆರಂಭವಾಗಿತ್ತು. ಮಾರ್ಗಸೂಚಿಯ ಪ್ರಕಾರ ವೈದ್ಯರನ್ನು ಮುಖತಃ ಕಂಡು ಆರು ತಿಂಗಳಾಗಿರದಿದ್ದರೆ ಮತ್ತು ಅದೇ ಕಾಯಿಲೆಗೆ ಅದೇ ವೈದ್ಯರು ನೋಡುತ್ತಿದ್ದರೆ ಅದನ್ನು ಮುಂದುವರಿದ ಸಮಾಲೋಚನೆ ಎಂದು ಪರಿಗಣಿಸಬಹುದು. ಹಾಗೆ ಪರಿಗಣಿಸಿಯೇ ನಾನು ಒಂದೂವರೆ ತಿಂಗಳ ಹಿಂದೆ ಅವನನ್ನು ವಿಡಿಯೋದಲ್ಲಿ ನೋಡಿ, ಮೊದಲಿನ ಮಾತ್ರೆಯನ್ನೇ ಮುಂದುವರಿಸಿದ್ದೆ. ಈ ಬಾರಿಯದು ಎರಡನೆಯ ವಿಡಿಯೋ ಸಮಾಲೋಚನೆ.

ಸಮಾಲೋಚನೆಗೆ ಮುನ್ನ ನಮ್ಮ ನೋಂದಣಿ ಸಿಬ್ಬಂದಿ ಫೋನ್ ಮಾಡಿ ಗುರುತನ್ನು ಖಚಿತಪಡಿಸಿಕೊಳ್ಳುವುದು ರೂಢಿ. ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಅನಾಮಧೇಯ ವ್ಯಕ್ತಿಗೆ ಸಮಾಲೋಚನೆ ನೀಡುವಂತಿಲ್ಲ; ಹೆಸರು, ವಯಸ್ಸು, ವಿಳಾಸ, ಫೋನ್ ಸಂಖ್ಯೆ, ಗುರುತಿನ ಚೀಟಿ ಇವುಗಳಿಂದ ರೋಗಿ ಯಾರೆಂದು ತಿಳಿದುಕೊಳ್ಳಬೇಕು. ಹಾಗೆಯೇ ವೈದ್ಯರೂ ತಮ್ಮ ಹೆಸರು ಮತ್ತು ವಿದ್ಯಾರ್ಹತೆಯನ್ನು ಹೇಳಿಯೇ ಮಾತು ಆರಂಭಿಸಬೇಕು, ಔಷಧ ಚೀಟಿಯ ಮೇಲೆ ನೋಂದಣಿ ಸಂಖ್ಯೆ ಇರಬೇಕು. ನಮ್ಮ ಸಿಬ್ಬಂದಿ ಅಂದು ಕೇಳಿದ ಪ್ರಶ್ನೆಗಳು ಆಮೇಲೆ ಧ್ವನಿಮುದ್ರಣದಲ್ಲಿ ಸಿಕ್ಕವು. "ಹೆಸರು ಇದೇ ಅಲ್ಲವಾ?" "ಹೌದು." "ವಿಳಾಸ ಅದೇ ತಾನೇ, ಬದಲಾಗಿಲ್ಲ?" "ಹೌದು ಮೇಡಂ, ಅದೇ." "ತುರ್ತು ಸಂಪರ್ಕದ ನಂಬರು ಅಣ್ಣನದು, ಸರಿ ಇದೆಯಾ?" "ಸರಿ ಇದೆ." ಮೂರು ಪ್ರಶ್ನೆಗೂ ಉತ್ತರವನ್ನು ನಾವೇ ಕೊಟ್ಟಿದ್ದೆವು, ಆತ ಒಪ್ಪಿಕೊಂಡಿದ್ದ ಅಷ್ಟೇ. ಗುರುತು ಪರಿಶೀಲನೆ ಪೂರ್ಣ ಎಂಬ ಗುರುತು ಪರದೆಯ ಮೇಲೆ ಹಸಿರಾಗಿ ಬಂದಿತ್ತು.

ಮಾತು ಎಂದಿನಂತೆ ಶುರುವಾಯಿತು. ನಿದ್ದೆ ಸರಿಯಿಲ್ಲ, ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ ಎಂದ. ಮಾತ್ರೆ ತಪ್ಪಿಸದೆ ತೆಗೆದುಕೊಳ್ಳುತ್ತಿದ್ದೀರಾ ಎಂದಿದ್ದಕ್ಕೆ ಹೌದೆಂದ. ನಂತರ ಆತ ಒಂದು ಬೇಡಿಕೆ ಇಟ್ಟ. ಹಿಂದೆ ಎಲ್ಲೋ ಬೇರೆ ವೈದ್ಯರು ಕೊಟ್ಟಿದ್ದ ಆಲ್‌ಪ್ರಜೋಲಾಮ್ ಮಾತ್ರೆ ನುಂಗಿದಾಗ ಚೆನ್ನಾಗಿ ನಿದ್ದೆ ಬರುತ್ತಿತ್ತು, ಅದನ್ನೂ ಬರೆದುಕೊಡಿ ಎಂದ. ಇಲ್ಲಿ ನನಗೆ ಆಯ್ಕೆಯಿರಲಿಲ್ಲ. ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಔಷಧಗಳು ನಾಲ್ಕು ಗುಂಪಾಗಿವೆ. ವೈದ್ಯರ ಚೀಟಿಯಿಲ್ಲದೆಯೂ ಸಿಗುವಂಥವು ಒಂದು ಗುಂಪು, ಅವನ್ನು ಯಾವ ಮಾಧ್ಯಮದಲ್ಲಾದರೂ ಸೂಚಿಸಬಹುದು. ಮೊದಲ ಸಮಾಲೋಚನೆಯೇ ಆದರೂ ವಿಡಿಯೋದಲ್ಲಿ ನೋಡಿದ್ದರೆ ಬರೆಯಬಹುದಾದವು ಎ ಪಟ್ಟಿ. ಮುಖತಃ ನೋಡಿ ಚಿಕಿತ್ಸೆ ಆರಂಭಿಸಿದ ರೋಗಿಗೆ ಮುಂದಿನ ಸಮಾಲೋಚನೆಯಲ್ಲಿ ಅದೇ ಕಾಯಿಲೆಗೆ ಹೆಚ್ಚುವರಿಯಾಗಿ ಸೇರಿಸಬಹುದಾದವು ಬಿ ಪಟ್ಟಿ. ಕೊನೆಯದು ನಿಷೇಧಿತ ಪಟ್ಟಿ. ಔಷಧ ಮತ್ತು ಕಾಂತಿವರ್ಧಕ ನಿಯಮಗಳ ಎಕ್ಸ್ ಅನುಸೂಚಿಯ ಔಷಧಗಳು ಮತ್ತು 1985ರ ಮಾದಕವಸ್ತು ಹಾಗೂ ಮನೋಪ್ರಭಾವಿ ವಸ್ತುಗಳ ಕಾಯ್ದೆಯಡಿ ಬರುವವು ಅದರಲ್ಲಿವೆ. ಆಲ್‌ಪ್ರಜೋಲಾಮ್ ಈ ಕಾಯ್ದೆಯಡಿ ಬರುತ್ತದೆ, ನಿದ್ದೆಗೆಂದು ಜನ ಕೇಳುವ ಜೋಲ್ಪಿಡೆಮ್ ಕೂಡ. ಮೂಲ ಪಟ್ಟಿಗಳಿಗೆ ಆಮೇಲೆ ಸೇರ್ಪಡೆಗಳು ಬಂದಿರುವುದರಿಂದ ನೆನಪಿನ ಮೇಲೆ ನಂಬಿಕೆಯಿಟ್ಟು ಬರೆಯಬಾರದೆಂದು, ಚಾಲ್ತಿಯಲ್ಲಿರುವ ಪಟ್ಟಿಯನ್ನು ಮುದ್ರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ.

ಈ ಬೇಡಿಕೆಗೆ ಬರೀ "ಆಗುವುದಿಲ್ಲ" ಎಂದು ಹೇಳಿ ಮುಗಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಇಂಥ ಮಾತ್ರೆಯನ್ನು ತಿಂಗಳುಗಟ್ಟಲೆ ದಿನಾ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ತೀವ್ರ ಚಡಪಡಿಕೆ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಆದ್ದರಿಂದ ನಿರಾಕರಿಸುವ ಮೊದಲು ಈಗ ತೆಗೆದುಕೊಳ್ಳುತ್ತಿದ್ದೀರಾ, ಎಷ್ಟು, ಕೊನೆಯದಾಗಿ ಯಾವಾಗ ಎಂದು ಕೇಳಲೇಬೇಕು. ದಿನಾ ತೆಗೆದುಕೊಳ್ಳುತ್ತಿರುವವರಿಗೆ ಹತ್ತಿರದ ವೈದ್ಯರನ್ನು ಅದೇ ದಿನ ಅಥವಾ ಮರುದಿನ ಮುಖತಃ ಕಾಣುವಂತೆ ಒಂದು ಪತ್ರ ಬರೆದುಕೊಡುತ್ತೇವೆ. ಈ ಯುವಕ ಅದನ್ನು ಬಿಟ್ಟು ವರ್ಷವಾಗಿತ್ತು. ಹಾಗಾಗಿ ಆ ಭಯವಿರಲಿಲ್ಲ.

ನಂತರ, ಹಳೆಯ ಮಾತ್ರೆಯನ್ನು ಮುಂದುವರಿಸುವ ಮುನ್ನ ನಾನು ನನ್ನದೇ ಅಭ್ಯಾಸದಂತೆ, "ಉಳಿದಿರುವ ಸ್ಟ್ರಿಪ್‌ಗಳನ್ನು ಒಮ್ಮೆ ಕ್ಯಾಮೆರಾಗೆ ತೋರಿಸಿ" ಎಂದೆ. ಇದು ಆಗಿನ ಕಾರ್ಯವಿಧಾನದಲ್ಲಿ ಇರಲಿಲ್ಲ. ಹೊರರೋಗಿ ವಿಭಾಗದಲ್ಲಿ ರೋಗಿಗಳು ಚೀಲದಿಂದ ಮಾತ್ರೆಗಳನ್ನು ಮೇಜಿನ ಮೇಲೆ ಸುರಿದು ತೋರಿಸುವುದನ್ನು ನೋಡಿ ಬಂದ ಅಭ್ಯಾಸ ಅದು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬದಿಯಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಒಂದೊಂದಾಗಿ ಹಿಡಿದ. ಹತ್ತು ಹತ್ತರ ನಾಲ್ಕು ಸ್ಟ್ರಿಪ್‌ಗಳು ಮುಟ್ಟದೆ ಹಾಗೇ ಇದ್ದವು, ಐದನೆಯದರಲ್ಲಿ ಆರು ಉಳಿದಿದ್ದವು. ಒಟ್ಟು ನಲವತ್ತಾರು. ನಲವತ್ತೈದು ದಿನಗಳ ಹಿಂದೆ ನಾನು ಬರೆದುಕೊಟ್ಟಿದ್ದು ದಿನಕ್ಕೊಂದರಂತೆ ಅರವತ್ತು. ಉಳಿಯಬೇಕಾಗಿದ್ದು ಹದಿನೈದು. ಎಂದರೆ ಆತ ಹದಿನಾಲ್ಕು ದಿನ ತೆಗೆದುಕೊಂಡು, ಒಂದು ತಿಂಗಳಿಂದ ನಿಲ್ಲಿಸಿದ್ದ. ಮೊದಲ ಪ್ರಶ್ನೆಗೆ ಅವನು ಹೌದೆಂದಿದ್ದ, ಸ್ಟ್ರಿಪ್‌ಗಳು ಇಲ್ಲವೆಂದವು.

ಆ ಮಾತ್ರೆ ಟ್ರೈಸೈಕ್ಲಿಕ್ ಎಂಬ ಹಳೆಯ ವರ್ಗಕ್ಕೆ ಸೇರಿದ್ದು. ಸರಿಯಾದ ಪ್ರಮಾಣದಲ್ಲಿ ಒಳ್ಳೆಯ ಔಷಧ, ಆದರೆ ಅತಿಯಾಗಿ ಸೇವಿಸಿದರೆ ಹೃದಯದ ಬಡಿತದ ಲಯವನ್ನೇ ಕೆಡಿಸುವಂಥದ್ದು. ನಲವತ್ತಾರನ್ನು ಕವರಿನಲ್ಲಿ ಜೋಪಾನವಾಗಿ ಇಟ್ಟಿರುವುದನ್ನು ಕಂಡಮೇಲೆ ಕೇಳಬೇಕಾದ ಪ್ರಶ್ನೆ ಒಂದೇ. ಅದನ್ನು ಸುತ್ತಿ ಬಳಸದೆ ನೇರವಾಗಿ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆಯೆಂಬ ಭಯಕ್ಕೆ ಆಧಾರವಿಲ್ಲ. ಬಹಳ ಮಂದಿಗೆ ಯಾರಾದರೂ ಕೇಳಿದರೆಂಬುದೇ ಒಂದು ಬಿಡುಗಡೆ. "ಜೀವ ಕಳೆದುಕೊಳ್ಳಬೇಕು ಎಂಬ ಯೋಚನೆಯಿಂದ ಇವನ್ನು ಕೂಡಿಟ್ಟಿದ್ದೀರಾ?" ಎಂದೆ. ಆತ ತಲೆ ತಗ್ಗಿಸಿ ಹೌದು ಸರ್ ಎಂದ. ಇಂದೇ ಎಂಬ ಯೋಚನೆ ಇದೆಯೇ ಎಂದು ಕೇಳಿದೆ. "ರಾತ್ರಿ ಅಂದುಕೊಂಡಿದ್ದೆ. ನಿಮ್ಮ ಹತ್ತಿರ ಒಮ್ಮೆ ಮಾತಾಡೋಣ ಅಂತ ಕೂತೆ" ಎಂದ.

ನಮ್ಮ ದಾಖಲೆಯಲ್ಲಿ ತುರ್ತು ಪರಿಸ್ಥಿತಿಯ ಭಾಗ ಹೀಗಿತ್ತು: ರೋಗಿಯ ಜೀವಕ್ಕೆ ಅಪಾಯವಿದೆ ಎಂದು ಕಂಡುಬಂದರೆ ತುರ್ತು ಸಂಪರ್ಕದ ವ್ಯಕ್ತಿಗೆ ಕರೆ ಮಾಡುವುದು, ಆಂಬುಲೆನ್ಸ್‌ಗೆ ತಿಳಿಸುವುದು, ಹತ್ತಿರದ ಆಸ್ಪತ್ರೆಗೆ ಕಳುಹಿಸುವುದು. ನಾನು ಅವನ ಜೊತೆ ಮಾತು ಮುಂದುವರಿಸುತ್ತಲೇ, ಪಕ್ಕದಲ್ಲಿದ್ದ ಶುಶ್ರೂಷಕಿಗೆ ಅಣ್ಣನ ನಂಬರಿಗೆ ಕರೆ ಮಾಡುವಂತೆ ಚೀಟಿಯಲ್ಲಿ ಬರೆದು ತೋರಿಸಿದೆ. ಅವರು ಇನ್ನೊಂದು ಫೋನಿನಿಂದ ಕರೆ ಮಾಡಿದರು. ಎರಡು ಕ್ಷಣ ಬಿಟ್ಟು ಪರದೆಯ ಒಳಗೆ, ಆತನ ಹಾಸಿಗೆಯ ಮೇಲೆ, ಒಂದು ಫೋನು ರಿಂಗಾಗತೊಡಗಿತು. ಆತ ಅದರತ್ತ ತಿರುಗಿ ನೋಡಿ ಮತ್ತೆ ನನ್ನತ್ತ ನೋಡಿದ. ಅಣ್ಣನದೆಂದು ನೋಂದಣಿಯಲ್ಲಿ ಬರೆಸಿದ್ದ ನಂಬರು ಅವನದೇ ಎರಡನೆಯ ಸಿಮ್ಮಿನದು. ಮೊದಲ ಭೇಟಿಯಲ್ಲಿ ಅಣ್ಣನ ನಂಬರು ಬಾಯಿಪಾಠವಿರಲಿಲ್ಲವೆಂದು ತನ್ನದನ್ನೇ ಬರೆಸಿದ್ದನಂತೆ. ಮೋಸ ಮಾಡುವ ಉದ್ದೇಶ ಅವನಿಗಿರಲಿಲ್ಲ. ನಾಲ್ಕು ತಿಂಗಳಲ್ಲಿ ನಮ್ಮವರು ಒಬ್ಬರೂ ಆ ನಂಬರಿಗೆ ಒಮ್ಮೆಯೂ ಕರೆ ಮಾಡಿ ನೋಡಿರಲಿಲ್ಲ ಎಂಬುದೇ ನಿಜವಾದ ತಪ್ಪು.

ಎರಡನೆಯ ಸಂಗತಿ ಆಗಲೇ ತಿಳಿಯಿತು. ನಾನು ಅವನ ಹಿಂದಿನ ಗೋಡೆಯನ್ನು ನೋಡಿ, ಇದು ನಿಮ್ಮ ಮನೆಯೇ ಎಂದು ಕೇಳಿದೆ. ಇಲ್ಲ, ಮೂರು ವಾರವಾಯಿತು, ಕೆಲಸಕ್ಕೆಂದು ಪಕ್ಕದ ರಾಜ್ಯಕ್ಕೆ ಬಂದಿದ್ದೇನೆ, ಬಾಡಿಗೆ ಕೋಣೆ ಎಂದ. ವಿಳಾಸ ಬದಲಾಗಿಲ್ಲ ಎಂದು ಸಿಬ್ಬಂದಿಗೆ ಹೇಳಿದ್ದೂ ಅವನ ದೃಷ್ಟಿಯಲ್ಲಿ ಸುಳ್ಳಲ್ಲ, ಗುರುತಿನ ಚೀಟಿಯ ವಿಳಾಸ ಬದಲಾಗಿರಲಿಲ್ಲ. ನಾವು ಕೇಳಿದ್ದು ಆತ ಎಲ್ಲಿಯವನು ಎಂದು, ಆ ಕ್ಷಣಕ್ಕೆ ಬೇಕಾಗಿದ್ದು ಆತ ಎಲ್ಲಿದ್ದಾನೆ ಎಂಬ ಮಾಹಿತಿ. ಇನ್ನೂ ಮುಖ್ಯವಾದದ್ದು, 112ಕ್ಕೋ 108ಕ್ಕೋ ನಾವು ನಮ್ಮ ಆಸ್ಪತ್ರೆಯಿಂದ ಕರೆ ಮಾಡಿದರೆ ಅದು ನಾವಿರುವ ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗುತ್ತದೆ. ಅಲ್ಲಿಂದ ಪಕ್ಕದ ರಾಜ್ಯದ ಊರೊಂದಕ್ಕೆ ವಿಷಯ ದಾಟಿಸುವಷ್ಟರಲ್ಲಿ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ. ಸಹಾಯದ ಕರೆ ರೋಗಿ ಇರುವ ಜಾಗದಿಂದಲೇ ಹೋಗಬೇಕು.

ಆ ಇಪ್ಪತ್ತೈದು ನಿಮಿಷಗಳಲ್ಲಿ ನಾವು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ, ಏಕೆಂದರೆ ಈಗಿನ ನಮ್ಮ ತುರ್ತು ಯೋಜನೆ ಅದರಿಂದಲೇ ಹುಟ್ಟಿತು. ಕರೆಯನ್ನು ಯಾವ ಕಾರಣಕ್ಕೂ ಕಡಿಯಬಾರದೆಂದು ನಿರ್ಧರಿಸಿದೆ. ಫೋನಿನ ಚಾರ್ಜು ಎಷ್ಟಿದೆ ಎಂದು ಕೇಳಿ, ಚಾರ್ಜರಿಗೆ ಹಾಕಿಸಿದೆ. ಕರೆ ತಾನಾಗಿ ಕಡಿದುಹೋದರೆ ಇನ್ನೊಂದು ನಂಬರಿಗೆ ನಾನೇ ಮಾಡುತ್ತೇನೆ, ನೀವು ಎತ್ತಬೇಕು ಎಂದು ಹೇಳಿ ಒಪ್ಪಿಗೆ ಪಡೆದೆ. ನಂತರ ಕಟ್ಟಡದಲ್ಲಿ ಯಾರಿದ್ದಾರೆ ಎಂದು ವಿಚಾರಿಸಿದೆ. ಪಕ್ಕದ ಕೋಣೆಯಲ್ಲಿ ಅವನ ಜೊತೆಯೇ ಕೆಲಸ ಮಾಡುವ, ನಮ್ಮ ಕಡೆಯವನೇ ಆದ ಒಬ್ಬ ಹುಡುಗನಿದ್ದ. ಅವನನ್ನು ಕರೆಯಬಹುದೇ ಎಂದಾಗ ಮೊದಲು ಬೇಡವೆಂದ. "ನಿಮ್ಮ ವಿಷಯವನ್ನೆಲ್ಲ ನಾನು ಅವರಿಗೆ ಹೇಳುವುದಿಲ್ಲ. ಇವತ್ತು ನೀವು ಒಬ್ಬರೇ ಇರುವುದು ಸುರಕ್ಷಿತವಲ್ಲ, ಆಸ್ಪತ್ರೆಗೆ ಜೊತೆಗೆ ಬರಬೇಕು ಎಂದಷ್ಟೇ ಹೇಳುತ್ತೇನೆ" ಎಂದು ಒಪ್ಪಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳುತ್ತಲೇ, ಜೀವಕ್ಕೆ ಒದಗಬಹುದಾದ ಅಪಾಯವನ್ನು ತಡೆಯಲು ಅಗತ್ಯವಿರುವಷ್ಟು ಮಾಹಿತಿಯನ್ನು ಹೇಳಲು ಅವಕಾಶ ಕೊಡುತ್ತದೆ. ಅಗತ್ಯವಿರುವಷ್ಟು ಎಂಬ ಪದಗಳನ್ನು ನಾನು ಅಂದು ಅಕ್ಷರಶಃ ಪಾಲಿಸಿದೆ. ರೋಗಿಗೆ ಹೇಳಿಯೇ, ಅವನೆದುರಿಗೇ ಹೇಳಿದ್ದರಿಂದ ಅವನಿಗೆ ನನ್ನ ಮೇಲಿದ್ದ ನಂಬಿಕೆಯೂ ಹೋಗಲಿಲ್ಲ.

ಆತ ಎದ್ದು ಹೋಗಿ ಬಾಗಿಲು ತೆರೆದ. ಹುಡುಗ ಬಂದ. ನಾನು ಮೊದಲು ಕೇಳಿಕೊಂಡಿದ್ದು ಮಾತ್ರೆಗಳ ಕವರನ್ನು ಅವನ ಕೈಗೆ ಕೊಡಬೇಕೆಂದು. ನನ್ನ ಕಣ್ಣೆದುರೇ ಆ ಕವರು ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು, ಹುಡುಗ ಅದನ್ನು ತನ್ನ ಅಂಗಿಯ ಒಳಗೆ ಸೇರಿಸಿಕೊಂಡ. ಆ ಹೊತ್ತಿನಲ್ಲಿ ನಾನು ಕೊಟ್ಟ ಚಿಕಿತ್ಸೆ ಇದೊಂದೇ ಎಂದರೂ ತಪ್ಪಿಲ್ಲ. ಹುಡುಗನ ಫೋನಿನಿಂದ ಅಲ್ಲಿನ 112ಕ್ಕೆ ಕರೆ ಹೋಯಿತು, ಆಂಬುಲೆನ್ಸ್ ಬಂತು. ಅಷ್ಟರಲ್ಲಿ ಆತನೇ ತನ್ನ ಫೋನಿನಲ್ಲಿ ಹುಡುಕಿ ಕೊಟ್ಟ ಅಣ್ಣನ ನಿಜವಾದ ನಂಬರಿಗೆ ಶುಶ್ರೂಷಕಿ ಮಾತನಾಡಿದ್ದರು. ನಾನು ಅಲ್ಲಿನ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದ ವೈದ್ಯರಿಗೆ ಫೋನ್ ಮಾಡಿ, ಏನಾಗಿದೆ, ಯಾವ ಮಾತ್ರೆ ಕೈಯಲ್ಲಿತ್ತು, ಇನ್ನೂ ಸೇವಿಸಿಲ್ಲ ಎಂದು ಆತ ಹೇಳುತ್ತಿದ್ದರೂ ಇಸಿಜಿ ಮಾಡಿ ನೋಡುವುದು ಒಳ್ಳೆಯದು ಎಂದು ತಿಳಿಸಿದೆ. ಆತ ತನ್ನ ಒಪ್ಪಿಗೆಯಿಂದಲೇ ದಾಖಲಾದ. ಮರುದಿನ ಬೆಳಿಗ್ಗೆ ಅಣ್ಣ ಅಲ್ಲಿಗೆ ತಲುಪಿದರು.

ಮಾರ್ಗಸೂಚಿ ತುರ್ತು ಸಂದರ್ಭದಲ್ಲಿ ಟೆಲಿಮೆಡಿಸಿನ್ ವೈದ್ಯರ ಪಾತ್ರವನ್ನು ಪ್ರಥಮ ಚಿಕಿತ್ಸೆ, ಜೀವರಕ್ಷಕ ಸಲಹೆ, ಸಮಾಧಾನ ಮತ್ತು ಎಲ್ಲಿಗೆ ಹೋಗಬೇಕೆಂಬ ಮಾರ್ಗದರ್ಶನ ಇಷ್ಟಕ್ಕೆ ಸೀಮಿತಗೊಳಿಸಿ, ಆದಷ್ಟು ಬೇಗ ಮುಖತಃ ಚಿಕಿತ್ಸೆ ಸಿಗುವಂತೆ ಮಾಡಬೇಕು ಎನ್ನುತ್ತದೆ. ಈ ಸಾಲನ್ನು ನಾನು ಮೊದಲು ಒಂದು ರಿಯಾಯಿತಿಯೆಂಬಂತೆ ಓದಿದ್ದೆ. ಅಂದರೆ ವೈದ್ಯರು ಮಾಡಬೇಕಾದದ್ದು ಕಡಿಮೆ ಎಂದು. ಪರದೆಯ ಮುಂದೆ ಕುಳಿತಾಗ ಅದು ಹಾಗಲ್ಲ. ಮುಖತಃ ಚಿಕಿತ್ಸೆ ಸಿಗುವ ಜಾಗಕ್ಕೂ ರೋಗಿಗೂ ನಡುವಿನ ದಾರಿಯನ್ನು ಸಮಾಲೋಚನೆ ಆರಂಭವಾಗುವ ಮೊದಲೇ ತಿಳಿದುಕೊಂಡಿರಬೇಕು. ಅಪಾಯ ಎದುರಾದ ಮೇಲೆ ಹುಡುಕಲು ಹೊರಟರೆ ನಾವು ಅಂದು ಇದ್ದಂತೆ ಅದೃಷ್ಟದ ಮೇಲೆ ನಿಂತಿರುತ್ತೇವೆ. ಪಕ್ಕದ ಕೋಣೆಯ ಹುಡುಗ ಆ ದಿನ ಕೆಲಸಕ್ಕೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಈಗಲೂ ಯೋಚಿಸುತ್ತೇನೆ.

ಮುಂದಿನ ವಾರ ದಾಖಲೆಯನ್ನು ತಿದ್ದಲು ಕುಳಿತೆವು. ಗುರುತು ಪರಿಶೀಲನೆಯಲ್ಲಿ ಮೊದಲ ಬದಲಾವಣೆ ಪ್ರಶ್ನೆಯ ರೂಪದ್ದು. ಹೌದು ಎಂದರೆ ಮುಗಿಯುವ ಯಾವ ಪ್ರಶ್ನೆಯನ್ನೂ ಸಿಬ್ಬಂದಿ ಕೇಳುವಂತಿಲ್ಲ. ಪೂರ್ಣ ಹೆಸರು ಹೇಳಿ, ಹುಟ್ಟಿದ ದಿನಾಂಕ ಹೇಳಿ ಎಂದು ಕೇಳಿ, ಸುಮ್ಮನಿದ್ದು, ಬಂದ ಉತ್ತರವನ್ನು ದಾಖಲೆಯೊಂದಿಗೆ ಹೋಲಿಸಬೇಕು. ಗುರುತಿನ ಚೀಟಿಯನ್ನು ಮುಖದ ಪಕ್ಕದಲ್ಲಿ ಹಿಡಿದು ಕ್ಯಾಮೆರಾಗೆ ತೋರಿಸಬೇಕು. ಇದು ಅತಿಯಾಯಿತು ಎಂದು ಕೆಲವರಿಗೆ ಅನ್ನಿಸಿತು. ಆದರೆ ಅಣ್ಣನ ಫೋನಿನಿಂದ ತಮ್ಮ, ಗಂಡನ ಹೆಸರಿನಲ್ಲಿ ಹೆಂಡತಿ ಮಾತನಾಡುವುದು ಮನೋವೈದ್ಯಕೀಯದಲ್ಲಿ ಅಪರೂಪವಲ್ಲ, ಹೆಚ್ಚಿನ ಸಲ ಅದರ ಹಿಂದಿರುವುದು ಕಾಳಜಿಯೇ. ರೋಗಿ ಬರಲು ಒಪ್ಪುವುದಿಲ್ಲ, ನೀವೇ ಮಾತ್ರೆ ಬರೆದುಕೊಡಿ, ಊಟದಲ್ಲಿ ಬೆರೆಸಿ ಕೊಡುತ್ತೇವೆ ಎನ್ನುವ ಕೋರಿಕೆಯೂ ಬರುತ್ತದೆ. ಆರೈಕೆ ಮಾಡುವವರು ರೋಗಿಯ ಪರವಾಗಿ ಮಾತನಾಡಬೇಕಾದರೆ ರೋಗಿ ಅಪ್ರಾಪ್ತ ವಯಸ್ಕನಾಗಿರಬೇಕು, ಸ್ವತಃ ಮಾತನಾಡಲಾಗದ ಸ್ಥಿತಿಯಲ್ಲಿರಬೇಕು ಅಥವಾ ಅವರಿಗೆ ಅಧಿಕಾರ ಕೊಟ್ಟಿರಬೇಕು. ಸಂಬಂಧವನ್ನು ದೃಢಪಡಿಸಿಕೊಂಡೇ ಮುಂದುವರಿಯಬೇಕು. ಪರದೆಯಲ್ಲಿ ಕಾಣದ ವ್ಯಕ್ತಿಗೆ ಔಷಧ ಬರೆಯಬಾರದು ಎಂಬ ಸರಳ ವಾಕ್ಯವನ್ನು ನಾವು ದಪ್ಪಕ್ಷರದಲ್ಲಿ ಸೇರಿಸಿದೆವು.

ಗುರುತಿನ ನಂತರದ ಪ್ರಶ್ನೆಯನ್ನು ವೈದ್ಯರೇ ಕೇಳಬೇಕು, ಪ್ರತಿ ಸಲವೂ ಕೇಳಬೇಕು: ಈಗ ನೀವು ಎಲ್ಲಿದ್ದೀರಿ? ಉತ್ತರದಲ್ಲಿ ಊರು, ಬೀದಿ, ಹತ್ತಿರದ ಗುರುತು, ಎಷ್ಟನೆಯ ಮಹಡಿ ಇವು ಇರಬೇಕು. ವಾಹನದಲ್ಲಿ ಪ್ರಯಾಣಿಸುತ್ತಿದ್ದರೆ ಸಮಾಲೋಚನೆಯನ್ನು ಮುಂದೂಡುತ್ತೇವೆ. ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ, ಅವರು ಇರುವುದು ನಿಮಗೆ ಒಪ್ಪಿಗೆಯೇ ಎಂಬುದೂ ಅದರ ಜೊತೆಗೇ ಬರುತ್ತದೆ. ಮನೆಯೊಳಗಿನ ಹಿಂಸೆಯನ್ನು ಹೇಳಿಕೊಳ್ಳಲು ಬಂದವರಿಗೆ ಬಾಗಿಲ ಹಿಂದೆ ಯಾರೋ ನಿಂತಿರುವುದು ಎಂಥ ಕಷ್ಟವೆಂದು ಪರದೆಯ ಈಚೆಗಿರುವ ನಮಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿದರೆ ಸಾಕಾಗುವಂತೆ ಈ ಒಂದು ಪ್ರಶ್ನೆಯನ್ನು ಮಾತ್ರ ಉದ್ದೇಶಪೂರ್ವಕವಾಗಿ ಹಾಗೆ ಇಟ್ಟಿದ್ದೇವೆ.

ತುರ್ತು ಸಂಪರ್ಕದ ವಿಷಯದಲ್ಲಿ ಮಾಡಿದ ಬದಲಾವಣೆ ಚಿಕ್ಕದು, ಆದರೆ ಅದರಷ್ಟು ಉಪಯೋಗಕ್ಕೆ ಬಂದದ್ದು ಬೇರೊಂದಿಲ್ಲ. ಮೊದಲ ಸಮಾಲೋಚನೆಗೆ ಮುನ್ನ, ರೋಗಿಯ ಒಪ್ಪಿಗೆ ಪಡೆದು, ಸಿಬ್ಬಂದಿ ಆ ನಂಬರಿಗೆ ಕರೆ ಮಾಡುತ್ತಾರೆ. ಫೋನು ಎತ್ತಿದವರು ತಮ್ಮ ಹೆಸರು, ರೋಗಿಯೊಂದಿಗಿನ ಸಂಬಂಧ ಮತ್ತು ರೋಗಿ ಇರುವ ಜಾಗಕ್ಕೆ ತಲುಪಲು ತಮಗೆ ಎಷ್ಟು ಹೊತ್ತು ಬೇಕು ಎಂಬುದನ್ನು ಹೇಳಬೇಕು. ಅರ್ಧ ಗಂಟೆಗಿಂತ ಹೆಚ್ಚು ಬೇಕಾದರೆ ಆ ವ್ಯಕ್ತಿಯ ಹೆಸರನ್ನು ಉಳಿಸಿಕೊಂಡು, ಹತ್ತಿರದಲ್ಲಿರುವ ಇನ್ನೊಬ್ಬರ ಹೆಸರನ್ನೂ ಬರೆದುಕೊಳ್ಳುತ್ತೇವೆ. ಅದರ ಕೆಳಗೆ ಇಪ್ಪತ್ತನಾಲ್ಕು ಗಂಟೆಯೂ ತುರ್ತು ವಿಭಾಗ ತೆರೆದಿರುವ ಹತ್ತಿರದ ಆಸ್ಪತ್ರೆಯ ಹೆಸರು ಮತ್ತು ಸಂಖ್ಯೆ ಇರುತ್ತದೆ. ಕರೆ ಕಡಿದುಹೋದರೆ ವೈದ್ಯರೇ ಎರಡು ನಿಮಿಷದೊಳಗೆ ಮರಳಿ ಕರೆ ಮಾಡಬೇಕು. ಮೂರು ಸಲ ಎತ್ತದಿದ್ದರೆ, ಅಪಾಯದ ಸೂಚನೆ ಇದ್ದ ರೋಗಿಯಾದರೆ, ಸಂಪರ್ಕದ ವ್ಯಕ್ತಿಗೆ ಮಾಡಬೇಕು. ಇದನ್ನು ಆರಂಭದಲ್ಲೇ ರೋಗಿಗೆ ಹೇಳಿಬಿಡುತ್ತೇವೆ, ಇಲ್ಲವಾದರೆ ನೆಟ್‌ವರ್ಕ್ ಹೋದಾಗ ವೈದ್ಯರು ತನ್ನ ಮಾತಿಗೆ ಬೇಸತ್ತು ಕರೆ ಕಡಿದರೆಂದು ತಿಳಿಯುವವರಿದ್ದಾರೆ. ಸಮಾಲೋಚನೆಗಳ ನಡುವಿನ ದಿನಗಳಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಔಷಧ ಚೀಟಿಯ ಮೇಲೆಯೇ ಮುದ್ರಿಸುತ್ತೇವೆ. ಅದು ದಿನದ ಯಾವ ಹೊತ್ತಿನಲ್ಲೂ ಸಿಗುತ್ತದೆ, ಕರೆ ಉಚಿತ.

ಔಷಧದ ಮಿತಿಯ ಬಗ್ಗೆ ನಾನು ಒಪ್ಪಿಕೊಳ್ಳಬೇಕಾದ ಸಂಗತಿಯೊಂದಿದೆ. ಆ ಅರವತ್ತು ಮಾತ್ರೆಗಳನ್ನು ಬರೆದವನು ನಾನೇ. ಆತ ಮುಂದುವರಿದ ರೋಗಿ, ಔಷಧ ನಿಷೇಧಿತ ಪಟ್ಟಿಯದಲ್ಲ, ನಾನು ಮೊದಲೇ ಮುಖತಃ ನೋಡಿ ಆರಂಭಿಸಿದ್ದು. ಮಾರ್ಗಸೂಚಿ ಅದನ್ನು ತಡೆಯುವುದಿಲ್ಲ. ಪದೇ ಪದೇ ಚೀಟಿಗಾಗಿ ಕರೆ ಮಾಡುವ ತೊಂದರೆ ತಪ್ಪಲಿ ಎಂದು ಎರಡು ತಿಂಗಳಿಗೆ ಬರೆದಿದ್ದೆ. ಹೊರರೋಗಿ ವಿಭಾಗಕ್ಕೆ ಬಂದಿದ್ದರೆ ಅವನ ನಡಿಗೆ, ತೂಕ, ಅಣ್ಣನ ಮುಖ ಇವುಗಳಿಂದ ಏನೋ ಸರಿಯಿಲ್ಲವೆಂದು ಊಹಿಸಿ ಹದಿನೈದು ದಿನಕ್ಕೆ ಇಳಿಸುತ್ತಿದ್ದೆನೋ ಏನೋ. ಪರದೆಯಲ್ಲಿ ಎದೆಯಿಂದ ಮೇಲಷ್ಟೇ ಕಾಣುತ್ತದೆ. ಯಾವ ಔಷಧ ಬರೆಯಬಹುದು ಎಂಬುದಕ್ಕೆ ಪಟ್ಟಿಗಳಿವೆ, ಎಷ್ಟು ಬರೆಯಬಹುದು ಎಂಬುದನ್ನು ಅವು ಹೇಳುವುದಿಲ್ಲ. ಆ ಮಿತಿಯನ್ನು ವೈದ್ಯರೇ ಹಾಕಿಕೊಳ್ಳಬೇಕು.

ಈಗ ನಾವು ಹಾಕಿಕೊಂಡಿರುವ ಮಿತಿ ಹೀಗಿದೆ. ಆತ್ಮಹತ್ಯೆಯ ಯೋಚನೆ ಇರುವ ಅಥವಾ ಇತ್ತೀಚೆಗೆ ಇದ್ದ ರೋಗಿಗೆ ಒಂದು ಸಲಕ್ಕೆ ಏಳರಿಂದ ಹದಿನಾಲ್ಕು ದಿನದ ಮಾತ್ರೆ ಮಾತ್ರ, ಅದೂ ಮನೆಯವರೊಬ್ಬರ ಕೈಯಲ್ಲಿರಬೇಕು. ಹೊಸದಾಗಿ ಆರಂಭಿಸುವುದಾದರೆ ಅತಿಯಾದ ಸೇವನೆಯಲ್ಲಿ ಅಪಾಯ ಹೋಲಿಕೆಯಲ್ಲಿ ಕಡಿಮೆಯಿರುವ ಎಸ್‌ಎಸ್‌ಆರ್‌ಐ ವರ್ಗದ ಖಿನ್ನತೆ ಔಷಧಕ್ಕೆ ಆದ್ಯತೆ. ಚೀಟಿಯಲ್ಲಿ ಒಟ್ಟು ಸಂಖ್ಯೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಮರುಬಳಕೆಗಿಲ್ಲ ಎಂದು ನಮೂದಿಸುತ್ತೇವೆ, ಏಕೆಂದರೆ ಫೋನಿನಲ್ಲಿ ಕಳುಹಿಸಿದ ಚೀಟಿಯ ಚಿತ್ರವನ್ನು ಎಷ್ಟು ಅಂಗಡಿಗಳಿಗೆ ಬೇಕಾದರೂ ತೋರಿಸಬಹುದು. ರಕ್ತಪರೀಕ್ಷೆ ಬೇಕಾಗುವ ಔಷಧಗಳಿಗೆ ಇನ್ನೊಂದು ನಿಯಮ ಸೇರಿಸಿದೆವು. ಲಿಥಿಯಂ ತೆಗೆದುಕೊಳ್ಳುವವರಿಗೆ ರಕ್ತದಲ್ಲಿನ ಅದರ ಮಟ್ಟ, ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಬಿಳಿ ರಕ್ತಕಣಗಳ ಎಣಿಕೆ, ಇವುಗಳ ಇತ್ತೀಚಿನ ವರದಿಯನ್ನು ಕಣ್ಣಾರೆ ನೋಡದೆ ಚೀಟಿ ಮುಂದುವರಿಸುವಂತಿಲ್ಲ. ನೋಡಿದ ವರದಿಯ ದಿನಾಂಕವನ್ನು ಟಿಪ್ಪಣಿಯಲ್ಲಿ ಬರೆಯಬೇಕು. ವರದಿ ಚೆನ್ನಾಗಿದೆಯಂತೆ ಎಂದು ರೋಗಿ ಬಾಯಲ್ಲಿ ಹೇಳಿದ್ದು ಸಾಲದು.

ಸ್ಟ್ರಿಪ್ ಎಣಿಸುವುದು ಈಗ ಎಲ್ಲರಿಗೂ ಕಡ್ಡಾಯ. ಬರೆದದ್ದು ಎಷ್ಟು, ಕಳೆದ ದಿನಗಳು ಎಷ್ಟು, ಉಳಿದದ್ದು ಎಷ್ಟು ಎಂಬ ಮೂರು ಅಂಕಿಗಳನ್ನು ಟಿಪ್ಪಣಿಯ ಮೇಲ್ಭಾಗದಲ್ಲೇ ಬರೆಯುತ್ತೇವೆ. ಅಂಕಿಗಳು ಹೊಂದದಿದ್ದರೆ ಅಲ್ಲಿಂದಲೇ ಮಾತು ಆರಂಭವಾಗುತ್ತದೆ. ಬಹಳಷ್ಟು ಸಲ ಅದರ ಕಾರಣ ಸಣ್ಣದಿರುತ್ತದೆ: ಬಾಯಿ ಒಣಗುತ್ತದೆಂದು ಬಿಟ್ಟಿರುತ್ತಾರೆ, ಮರೆತಿರುತ್ತಾರೆ, ಗುಣವಾಯಿತೆಂದು ನಿಲ್ಲಿಸಿರುತ್ತಾರೆ. ಇದನ್ನು ಅಪನಂಬಿಕೆಯ ತಪಾಸಣೆಯಂತೆ ಕೇಳದೆ, ಹೊರರೋಗಿ ವಿಭಾಗದಲ್ಲಿ ನಾಡಿ ನೋಡಿದಷ್ಟೇ ಸಹಜವಾಗಿ ಕೇಳಬೇಕೆಂದು ಹೊಸದಾಗಿ ಸೇರುವ ವೈದ್ಯರಿಗೆ ಹೇಳುತ್ತೇನೆ.

ಒಂದು ಪ್ರಶ್ನೆಗೆ ನಮ್ಮಲ್ಲಿ ಇನ್ನೂ ಸರಿಯಾದ ಉತ್ತರವಿಲ್ಲ. ತುರ್ತು ಸಂಪರ್ಕಕ್ಕೆಂದು ಕೊಡಲು ಯಾರೂ ಇಲ್ಲ ಎನ್ನುವವರು ಬರುತ್ತಾರೆ. ಮನೆಯಿಂದ ದೂರವಾದವರು, ತಮ್ಮ ಕಾಯಿಲೆಯನ್ನು ಯಾರಿಗೂ ತಿಳಿಸಲು ಒಪ್ಪದವರು, ನಿಜವಾಗಿ ಒಂಟಿಯಾದವರು. ಇಂಥವರಿಗೇ ಅಪಾಯ ಹೆಚ್ಚು, ಇಂಥವರಿಗೇ ನಮ್ಮ ನಿಯಮ ಬಾಗಿಲು ಮುಚ್ಚುವಂತಾಗಬಾರದು. ಸದ್ಯಕ್ಕೆ ಅವರನ್ನು ಮೊದಲ ಸಲ ಮುಖತಃ ಬರಲು ಕೇಳಿಕೊಳ್ಳುತ್ತೇವೆ, ಬರಲಾಗದಿದ್ದರೆ ಅವರ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಅಲ್ಲಿನ ಆರೋಗ್ಯ ಕಾರ್ಯಕರ್ತೆಯ ಎದುರು ಕುಳಿತು ವಿಡಿಯೋದಲ್ಲಿ ಮಾತನಾಡುವಂತೆ ಏರ್ಪಾಡು ಮಾಡುತ್ತೇವೆ. ಆಗ ಕೋಣೆಯಲ್ಲಿ ಕನಿಷ್ಠ ಒಬ್ಬರು ಇರುತ್ತಾರೆ. ಅದಕ್ಕೂ ಒಪ್ಪದವರಿಗೆ ಸಮಾಲೋಚನೆಯನ್ನು ನಿರಾಕರಿಸುವುದಿಲ್ಲ, ಏಳು ದಿನಕ್ಕೊಮ್ಮೆ ನೋಡುತ್ತೇವೆ, ಏಳು ದಿನಕ್ಕಾಗುವಷ್ಟೇ ಬರೆಯುತ್ತೇವೆ, ಸಂಪರ್ಕದ ಸಾಲಿನಲ್ಲಿ "ಇಲ್ಲ" ಎಂದು ಬರೆದು, ಪ್ರತಿ ಸಲವೂ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತೇವೆ. ಕಳೆದ ತಿಂಗಳು ಅಂಥ ಒಬ್ಬರು ಐದನೆಯ ಸಮಾಲೋಚನೆಯಲ್ಲಿ ತಮ್ಮ ಹಳೆಯ ಶಾಲಾ ಗೆಳತಿಯೊಬ್ಬರ ನಂಬರು ಕೊಟ್ಟರು. ನಮ್ಮ ಶುಶ್ರೂಷಕಿ ಅವರ ಎದುರಿನಲ್ಲೇ ಆ ನಂಬರಿಗೆ ಕರೆ ಮಾಡಿದರು. ಫೋನು ಬೇರೊಂದು ಮನೆಯಲ್ಲಿ ರಿಂಗಾಯಿತು, ಬೇರೊಬ್ಬರು ಎತ್ತಿದರು.